ಡ್ರೈವರ್ ಅಣ್ಣನ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯುವುದು ಹೇಗೆ?

ನಮ್ಮ ಮನೆಯ ಕಾರು ಓಡಿಸುವ ಅಣ್ಣ ಕೆಲಸಕ್ಕೆ ಸೇರಿ ಹೋದ ವರ್ಷಕ್ಕೆ 14 ವರ್ಷ ಆಯ್ತು. ಆಗ ಅವರ ಹುಟ್ಟುಹಬ್ಬಕ್ಕೆ ಕಾರ್ಡ್ ಕೊಡೋಣ ಅಂತ ಬರೆಯಲು ಕೂತೆ. ಐದು ನಿಮಿಷದಲ್ಲಿ ಮುಗಿಯಿತು. ಚೆನ್ನಾಗಿ ಬಂದಿದೆ ಅಂತ ಅನಿಸಿತ್ತು. ಬರೆದದ್ದು ಇದು:

"ಪ್ರೀತಿಯ ಅಣ್ಣ, ಹುಟ್ಟುಹಬ್ಬದ ಶುಭಾಶಯ. 14 ವರ್ಷಗಳಿಂದ ನಮ್ಮ ಮನೆಯಲ್ಲಿ ನಿಷ್ಠೆಯಿಂದ ಸೇವೆ ಮಾಡುತ್ತಿದ್ದೀಯ. ನೀನು ನಮಗೆ ಬರೀ ಡ್ರೈವರ್ ಅಲ್ಲ, ಮನೆ ಮಗನ ಥರ. ಒಂದು ದಿನವೂ ಎದುರು ಮಾತಾಡಿಲ್ಲ. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಿಲ್ಲ. ನಿನ್ನಂಥವರು ಈ ಕಾಲದಲ್ಲಿ ಸಿಗುವುದೇ ಅಪರೂಪ. ದೇವರು ನಿನಗೆ ಒಳ್ಳೆಯ ಆರೋಗ್ಯ ಕೊಟ್ಟು ಹೀಗೇ ನಮ್ಮ ಜೊತೆ ಇಟ್ಟಿರಲಿ."

ತಂಗಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೇ ನಿಮ್ಮ ಆಫೀಸಿನ ಮೇಲಧಿಕಾರಿ ನಿನಗೆ ಬರೆದುಕೊಟ್ಟಿದ್ದಾರೆ ಅಂದುಕೊಂಡು ಇನ್ನೊಂದ್ಸಲ ಓದು" ಅಂದಳು. ಹಾಗೇ ಓದಿದೆ. "ಎದುರು ಮಾತಾಡಿಲ್ಲ" ಅನ್ನುವ ಕಡೆ ನಾಲಿಗೆ ಮುಂದೆ ಹೋಗಲಿಲ್ಲ. ಅಷ್ಟೂ ಸಾಲುಗಳನ್ನು ಪ್ರೀತಿಯಿಂದಲೇ ಬರೆದಿದ್ದೆ. ಆದರೆ ಪ್ರತಿ ಸಾಲಿನಲ್ಲೂ ನಾನು ಮೇಲೆ ಕೂತಿದ್ದೆ, ಅವರು ಕೆಳಗೆ ನಿಂತಿದ್ದರು.

ಆ ಕಾರ್ಡನ್ನು ಹರಿದು ಹೊಸದಾಗಿ ಬರೆಯಲು ಎರಡು ಸಂಜೆ ಬೇಕಾಯಿತು. ಏನೇನು ಬದಲಾಯಿತು, ಯಾಕೆ ಬದಲಾಯಿತು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಬರೆಯುವುದಾದರೂ ದಾರಿ ಇದೇ.

ಮೊದಲು ದಿನ ಸರಿಯೇ ಅಂತ ಕೇಳಿಕೊಳ್ಳಿ

ಲೈಸೆನ್ಸಿನಲ್ಲೋ ಬೇರೆ ಯಾವುದೋ ಗುರುತಿನ ಚೀಟಿಯಲ್ಲೋ ಇರುವ ತಾರೀಕನ್ನು ನೋಡಿ ಶುಭಾಶಯ ಹೇಳಬೇಡಿ. ಎಷ್ಟೋ ಜನರ ದಾಖಲೆಯಲ್ಲಿರುವುದು ಶಾಲೆಗೆ ಸೇರಿಸುವ ದಿನ ಅಂದಾಜಿನಲ್ಲಿ ಬರೆಸಿದ ತಾರೀಕು. ಅವರು ಹುಟ್ಟಿದ ದಿನವೇ ಬೇರೆ ಇರುತ್ತದೆ. ಕೆಲವರಿಗೆ ಹುಟ್ಟಿದ ದಿನ ಗೊತ್ತೇ ಇರುವುದಿಲ್ಲ. ದಾಖಲೆ ನೋಡಿ ಬರೆದರೆ ಇನ್ನೊಂದು ತೊಂದರೆಯೂ ಇದೆ. ಕೆಲಸಕ್ಕೆ ಅಂತ ಕೊಟ್ಟ ಕಾಗದವನ್ನು ನೀವು ಬೇರೆ ಕಾರಣಕ್ಕೆ ತೆಗೆದು ನೋಡಿದಿರಿ ಅಂತ ಅವರಿಗೆ ಗೊತ್ತಾಗುತ್ತದೆ.

ಎರಡು ವಾರ ಮುಂಚೆ ಮಾತಿನ ನಡುವೆ ಕೇಳಿದರೆ ಸಾಕು. "ಅಣ್ಣ, ನಿಮ್ಮ ಹುಟ್ಟಿದ ದಿನ ಯಾವತ್ತು? ಮನೆಯಲ್ಲಿ ಆಚರಿಸ್ತೀರಾ?" ಎರಡನೇ ಪ್ರಶ್ನೆ ಮುಖ್ಯ. ಆ ದಿನ ಯಾರಿಗೋ ನೋವಿನ ನೆನಪಿರಬಹುದು, ಇನ್ಯಾರಿಗೋ ಹುಟ್ಟುಹಬ್ಬ ಅನ್ನುವುದೇ ಬೇಡದ ಗಲಾಟೆ ಅನಿಸಬಹುದು. "ಅದೆಲ್ಲ ಏನೂ ಇಲ್ಲ ಬಿಡಿ" ಅಂತ ಮಾತು ಮುಗಿಸಿದರೆ ಅದನ್ನು ನಾಚಿಕೆ ಅಂದುಕೊಂಡು ಒತ್ತಾಯ ಮಾಡಬೇಡಿ. ನಿಮ್ಮ ಮಾತನ್ನು ಅವರು ಕೆಲಸಕ್ಕೆ ಸೇರಿದ ದಿನಕ್ಕೋ ಬೇರೆ ಯಾವುದಾದರೂ ಒಳ್ಳೆಯ ದಿನಕ್ಕೋ ಇಟ್ಟುಕೊಳ್ಳಬಹುದು.

ಕೇಳುವ ಮೊದಲು ಇನ್ನೊಂದು ವಿಷಯ ನೋಡಿಕೊಳ್ಳಿ. ಅವರಿಗೆ ಕೊಡಬೇಕಾದ ಸಂಬಳದ ಬಾಕಿ ಉಳಿದಿದೆಯಾ? ಕೇಳಿದ ರಜೆಗೆ ಇನ್ನೂ ಉತ್ತರ ಕೊಟ್ಟಿಲ್ಲವಾ? ಹಾಗಿದ್ದರೆ ಮೊದಲು ಅದನ್ನು ಮುಗಿಸಿ. ಬಾಕಿ ಇಟ್ಟುಕೊಂಡು ಬರೆದ ಕಾರ್ಡನ್ನು ಅವರು ಓದುವಾಗ ಬಾಕಿಯೇ ಕಣ್ಣಿಗೆ ಬೀಳುತ್ತದೆ.

ನೀನು, ನೀವು, ಅಣ್ಣ, ಅವರೇ

ಕನ್ನಡದಲ್ಲಿ ಈ ಕೆಲಸ ಕಷ್ಟವಾಗುವುದು ಇಲ್ಲಿಯೇ. "ಹುಟ್ಟುಹಬ್ಬದ ಶುಭಾಶಯ" ಅಂದ ಮೇಲೆ ಮುಂದಿನ ಪದದಲ್ಲೇ ನೀನು ಅನ್ನಬೇಕೋ ನೀವು ಅನ್ನಬೇಕೋ ಅಂತ ತೀರ್ಮಾನ ಮಾಡಬೇಕು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಕ್ರಿಯಾಪದದ ಕೊನೆಯಲ್ಲೂ ಅದು ಕಾಣಿಸುತ್ತದೆ.

ಎಲ್ಲ ನೀನೂ ಅಗೌರವ ಅಲ್ಲ. ಅಮ್ಮನನ್ನು ನೀನು ಅನ್ನುತ್ತೇವೆ, ಅಣ್ಣನನ್ನು ನೀನು ಅನ್ನುತ್ತೇವೆ. ಅಲ್ಲಿ ಅದು ಸಲುಗೆ. ಹಾಗಾದರೆ ಸಲುಗೆ ಯಾವುದು, ಸಸಾರ ಯಾವುದು ಅಂತ ತಿಳಿಯುವುದು ಹೇಗೆ? ನನಗೆ ಸಿಕ್ಕ ಅಳತೆ ಇಷ್ಟೇ. ಅವರು ನಿಮ್ಮನ್ನು ಏನನ್ನುತ್ತಾರೆ? ನಿಮ್ಮನ್ನು ಎತ್ತಿ ಆಡಿಸಿದ ಅಕ್ಕ ನಿಮ್ಮನ್ನು "ಬಾ, ಊಟ ಮಾಡು" ಅನ್ನುತ್ತಾರಾದರೆ ನೀವೂ "ಅಕ್ಕ, ನೀನು" ಅಂತ ಬರೆಯಬಹುದು. ಅಲ್ಲಿ ಏಕವಚನ ಎರಡೂ ಕಡೆ ಓಡಾಡುತ್ತದೆ. ಅವರು ನಿಮ್ಮನ್ನು "ನೀವು" ಅನ್ನುತ್ತಾ, ನೀವು ಮಾತ್ರ ಅವರನ್ನು "ನೀನು" ಅನ್ನುತ್ತಿದ್ದರೆ ಅದು ಸಲುಗೆ ಅಲ್ಲ. ಕಾರ್ಡಿನಲ್ಲಿ "ನೀವು" ಅಂತಲೇ ಬರೆಯಿರಿ.

ಆದರೆ ಕಾರ್ಡಿನಲ್ಲಿ ನೀವು, ಮಾರನೇ ಬೆಳಿಗ್ಗೆ "ಏಯ್, ಕಾರು ತೆಗಿ" ಅಂದರೆ ಆಗುವುದಿಲ್ಲ. ಬಹುವಚನವನ್ನು ಮೊದಲು ಬಾಯಲ್ಲಿ ತನ್ನಿ, ಆಮೇಲೆ ಕಾಗದದಲ್ಲಿ. ನಮ್ಮ ಮನೆಯಲ್ಲಿ ನಾವು ಹಾಗೇ ಮಾಡಿದೆವು. ಹುಟ್ಟುಹಬ್ಬಕ್ಕೆ ಎರಡು ವಾರ ಮುಂಚಿನಿಂದ ಎಲ್ಲರೂ "ನೀವು" ಶುರು ಮಾಡಿದೆವು. ಮೊದಲ ದಿನ ಅಣ್ಣನಿಗೆ ಮುಜುಗರ ಆಯ್ತು, "ಏನಾದ್ರೂ ತಪ್ಪಾಯ್ತಾ?" ಅಂತ ಕೇಳಿದರು. "ತಪ್ಪು ನಮ್ಮದು, ಮೊದಲೇ ಹೀಗೆ ಮಾತಾಡಬೇಕಿತ್ತು" ಅಂದೆ. ಮೂರನೇ ದಿನಕ್ಕೆ ಎಲ್ಲರಿಗೂ ಅಭ್ಯಾಸವಾಯಿತು. ಮಕ್ಕಳಿಗಂತೂ ಒಂದೇ ದಿನ ಸಾಕಾಯಿತು.

ಹೆಸರು ಹಿಡಿದು ಕರೆಯುವುದಾದರೆ "ಅವರೇ" ಸೇರಿಸಿ. ದಿನವೂ ಅಣ್ಣ, ಅಕ್ಕ ಅನ್ನುತ್ತಿದ್ದರೆ ಕಾರ್ಡಿನಲ್ಲೂ ಅದೇ ಇರಲಿ. ಒಂದು ದಿನಕ್ಕೆ ಅಂತ ಹೊಸ ಸಂಬಂಧ ಹುಟ್ಟಿಸಿ, ಯಾವತ್ತೂ ಹೆಸರು ಹಿಡಿದೇ ಕರೆದವರನ್ನು "ಪ್ರೀತಿಯ ಅಕ್ಕ" ಅಂತ ಬರೆದರೆ ಅದು ನಾಟಕದ ಮಾತಿನ ಹಾಗೆ ಕೇಳಿಸುತ್ತದೆ. ಕೊನೆಯಲ್ಲಿ ನಿಮ್ಮ ಹೆಸರನ್ನಷ್ಟೇ ಬರೆಯಿರಿ. "ನಿಮ್ಮ ಮೇಡಂ", "ನಿಮ್ಮ ಯಜಮಾನರು" ಅಂತ ಸಹಿ ಮಾಡಿದರೆ ಮೇಲೆ ಬರೆದದ್ದೆಲ್ಲ ವ್ಯರ್ಥ.

ತೆಗೆದುಹಾಕಬೇಕಾದ ಹೊಗಳಿಕೆಗಳು

ನನ್ನ ಮೊದಲ ಕಾರ್ಡಿಗೇ ಬರೋಣ. ಅದರಲ್ಲಿದ್ದದ್ದೆಲ್ಲ ಹೊಗಳಿಕೆಯೇ. ಹೊಗಳಿಕೆಯಲ್ಲೇ ತೊಂದರೆ ಇತ್ತು.

"ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಿಲ್ಲ." ಹೀಗೆ ಬರೆಯಬೇಕಾದರೆ ನಾನು 14 ವರ್ಷ ಲೆಕ್ಕ ನೋಡುತ್ತಲೇ ಇದ್ದೆ ಅಂತ ಆಯ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ನೇಹಿತನ ಹುಟ್ಟುಹಬ್ಬಕ್ಕೆ "ನೀನು ಇಲ್ಲಿಯವರೆಗೆ ಕದ್ದಿಲ್ಲ, ಸಂತೋಷ" ಅಂತ ನಾವು ಬರೆಯುವುದಿಲ್ಲ, ಅಲ್ವಾ? ನಿಯತ್ತು, ನಂಬಿಗಸ್ಥ, ಪ್ರಾಮಾಣಿಕ ಅನ್ನುವ ಪದಗಳ ಹಿಂದೆ ಮುಚ್ಚಿಟ್ಟ ಅನುಮಾನ ಇರುತ್ತದೆ. ಓದುವವರಿಗೆ ಅದು ತಟ್ಟನೆ ಗೊತ್ತಾಗುತ್ತದೆ.

"ಎದುರು ಮಾತಾಡಿಲ್ಲ", "ಹೇಳಿದ್ದನ್ನೆಲ್ಲ ಮಾಡಿದಿರಿ", "ಯಾವತ್ತೂ ಏನೂ ಕೇಳಲಿಲ್ಲ". ಇವು ಅವರ ಗುಣ ಹೇಳುತ್ತಿಲ್ಲ, ನಮಗಾದ ಅನುಕೂಲ ಹೇಳುತ್ತಿವೆ. ಅದೂ ಅಲ್ಲದೆ, ಮುಂದೆಯೂ ಏನೂ ಕೇಳಬೇಡಿ ಅಂತ ಸೂಚನೆ ಕೊಟ್ಟ ಹಾಗೆ.

"ನಿಮ್ಮಂಥವರು ಸಿಗುವುದು ಅಪರೂಪ" ಅನ್ನುವಾಗ ಒಬ್ಬರನ್ನು ಹೊಗಳಲು ಅವರ ಜೊತೆಯ ಅಷ್ಟೂ ಜನರನ್ನು ಕೆಳಗೆ ತಳ್ಳಿರುತ್ತೇವೆ. ಅವರ ತಮ್ಮನೋ ಗೆಳೆಯನೋ ಇದೇ ಕೆಲಸ ಮಾಡುತ್ತಿರಬಹುದು.

ಇನ್ನು "ಮನೆ ಮಗನ ಥರ". ಇದನ್ನು ಬಿಡಲು ನನಗೆ ತುಂಬಾ ಕಷ್ಟವಾಯಿತು, ಯಾಕೆಂದರೆ ಅದು ನಿಜ ಅಂತಲೇ ನಂಬಿದ್ದೆ. ಆಮೇಲೆ ಯೋಚಿಸಿದೆ. ಮನೆ ಮಗ ಹಸಿವಾದಾಗ ಕೇಳದೆ ಅಡುಗೆಮನೆಗೆ ಹೋಗುತ್ತಾನೆ. ಸೋಫಾದಲ್ಲಿ ಕಾಲು ಚಾಚಿ ಮಲಗುತ್ತಾನೆ. ಇವತ್ತು ಆಗಲ್ಲ ಅಂದರೆ ಯಾರೂ ಸಂಬಳ ಹಿಡಿಯುವುದಿಲ್ಲ. ಅಣ್ಣನಿಗೆ ಇದ್ಯಾವುದೂ ಇಲ್ಲ. ಮಗನಿಗಿರುವ ಹಕ್ಕು ಕೊಡದೆ ಮಗನ ಹೆಸರು ಮಾತ್ರ ಕೊಟ್ಟರೆ ಅದರಲ್ಲಿ ಉಳಿಯುವುದು ಮಗನ ಕರ್ತವ್ಯ ಮಾತ್ರ. ಅವರಿಗೆ ಅವರದೇ ಮನೆ ಇದೆ, ಅಲ್ಲಿ ಅವರು ನಿಜವಾಗಿಯೂ ಮಗ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದ ಬಗ್ಗೆ 189ನೇ ಒಪ್ಪಂದ ಅಂಗೀಕರಿಸಿತು. ಮನೆಯೊಳಗೆ ಅಥವಾ ಮನೆಗಾಗಿ ದುಡಿಯುವವರು ಕೆಲಸಗಾರರು, ಅವರಿಗೆ ವಾರಕ್ಕೆ ಕನಿಷ್ಠ 24 ಗಂಟೆ ಒಂದೇ ಸಮನೆ ವಿಶ್ರಾಂತಿ ಸಿಗಬೇಕು ಅಂತ ಅದರಲ್ಲಿದೆ. ಕಾರ್ಡಿಗೂ ಇದಕ್ಕೂ ಏನು ಸಂಬಂಧ ಅನಿಸಬಹುದು. ನನಗೆ ಇದರಿಂದ ದಾರಿ ಸಿಕ್ಕಿತು. ಅಣ್ಣನನ್ನು ನೆಂಟರ ಹಾಗೆ ನೋಡುವ ಬದಲು ತನ್ನ ಕೆಲಸ ಬಲ್ಲ ಒಬ್ಬ ಮನುಷ್ಯ ಅಂತ ನೋಡಿದಾಗ ಏನು ಬರೆಯಬೇಕು ಅನ್ನುವುದು ತಾನಾಗಿ ಹೊಳೆಯಿತು.

ಅವರು ಬಲ್ಲ ಕೆಲಸದ ಒಂದು ನೆನಪು ಹುಡುಕಿ

ಇಡೀ ಕಾರ್ಡಿನ ಜೀವ ಇಲ್ಲಿದೆ. ಅವರ ಬುದ್ಧಿ, ಅನುಭವ, ಸಮಯಕ್ಕೆ ತೋಚಿದ ಉಪಾಯ ಕಾಣುವ ಒಂದೇ ಒಂದು ಘಟನೆ ಬೇಕು. ಹತ್ತು ಬೇಡ. ನೀವು ಹೇಳದೆಯೇ ಅವರೇ ತೀರ್ಮಾನ ಮಾಡಿದ ಘಟನೆಯಾದರೆ ಇನ್ನೂ ಒಳ್ಳೆಯದು.

ನಾನು ಒಂದು ಸಂಜೆ ಇದಕ್ಕೇ ಕೂತೆ. ಮೊದಲು ನೆನಪಾದದ್ದು ಮಧ್ಯರಾತ್ರಿ ಕರೆದಾಗಲೂ ಅವರು ಬಂದದ್ದು. ಅದನ್ನು ಬಿಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದನ್ನು ಹೊಗಳಿದರೆ ಇನ್ನು ಮುಂದೆಯೂ ಬನ್ನಿ ಅಂದ ಹಾಗಾಗುತ್ತದೆ. ಅದೂ ಅಲ್ಲದೆ ಅದರಲ್ಲಿ ಕಾಣುವುದು ನಮ್ಮ ತುರ್ತು, ಅವರ ಕೌಶಲ ಅಲ್ಲ.

ಆಮೇಲೆ ಅಮ್ಮನ ಮಂಡಿ ಆಪರೇಷನ್ ನೆನಪಾಯಿತು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಅಣ್ಣ ಕಾರನ್ನು ಮೆಟ್ಟಿಲಿನ ಕಟ್ಟೆಗೆ ತಾಗಿಸದೆ ಎರಡು ಹೆಜ್ಜೆ ದೂರ ನಿಲ್ಲಿಸಿದ್ದರು. ಹತ್ತಿರ ತರಬಾರದೇ ಅಂತ ನಾನು ಗೊಣಗಿದ್ದೆ. ಅವರು ವಿವರಿಸಿದರು. ಎತ್ತರದ ಕಟ್ಟೆಯ ಮೇಲೆ ನಿಂತು ಸೀಟಿಗೆ ಕೂರಲು ಹೋದರೆ ತುಂಬಾ ಕೆಳಗೆ ಇಳಿಯಬೇಕಾಗುತ್ತದೆ, ಮಂಡಿ ಜಾಸ್ತಿ ಬಗ್ಗುತ್ತದೆ. ನೆಲದ ಮೇಲೆ ನಿಂತು ಕೂತರೆ ಸುಲಭ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗುವ ಭಾಗವನ್ನು ಸ್ವಲ್ಪ ಬಾಗಿಸಿ ಇಟ್ಟಿದ್ದರು. ಬಟ್ಟೆಯ ಸೀಟಿನಲ್ಲಿ ಜಾರಲು ಆಗುವುದಿಲ್ಲ ಅಂತ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅಮ್ಮ ಬೆನ್ನು ತಿರುಗಿಸಿ ಮೊದಲು ಕೂತರು, ಹಿಂದಕ್ಕೆ ಸರಿದರು, ಆಮೇಲೆ ಕಾಲುಗಳನ್ನು ಒಳಗೆ ತಂದರು. ಹೊರಡುವ ಮೊದಲು ಅಣ್ಣ ಆ ಹಾಳೆಯನ್ನು ನೆನಪಿಟ್ಟು ಎಳೆದು ತೆಗೆದರು. ಬ್ರೇಕ್ ಹಾಕಿದಾಗ ಅಮ್ಮ ಮುಂದಕ್ಕೆ ಜಾರಬಾರದಲ್ಲ!

ಇಷ್ಟನ್ನೂ ನಾನು ನೋಡಿದ್ದೆ. ಒಂದು ಮಾತೂ ಹೇಳಿರಲಿಲ್ಲ. ಕಾರ್ಡಿನಲ್ಲಿ ಬರೆಯಬೇಕಾದದ್ದು ಇದೇ ಅಂತ ಗೊತ್ತಾಯಿತು.

ಮನೆಗೆಲಸದ ಅಕ್ಕನ ವಿಷಯದಲ್ಲಿ ಇಂಥ ನೆನಪುಗಳು ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ, ಯಾಕೆಂದರೆ ಅವರ ಕೆಲಸ ಸರಿಯಾಗಿದ್ದಾಗ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ. ಕುಕ್ಕರ್ ಕೂಗುವುದು ತಡವಾಗುತ್ತಿದೆ, ಪಕ್ಕದಿಂದ ಆವಿ ಬರುತ್ತಿದೆ, ರಬ್ಬರ್ ಸವೆದಿದೆ ಅಂತ ಅವರೇ ಮೊದಲು ಹೇಳಿರುತ್ತಾರೆ. ಮಗು ಎಂದಿಗಿಂತ ಹೆಚ್ಚು ಹೊತ್ತು ಮಲಗಿದೆ, ಮೈ ಮುಟ್ಟಿ ನೋಡಿ ಅಂದಿರುತ್ತಾರೆ. "ತಾಯಿಯ ಹಾಗೆ ನೋಡಿಕೊಂಡಿರಿ" ಅಂತ ಬರೆಯುವ ಬದಲು ಅಂಥ ಒಂದು ದಿನವನ್ನು ಬರೆಯಿರಿ.

ಬರೆಯುವಾಗ ವಾಕ್ಯದಲ್ಲಿ ಮಾಡುವವರು ಯಾರು ಅಂತ ನೋಡಿಕೊಳ್ಳಿ. "ನಿಮ್ಮಿಂದ ನಮಗೆ ತುಂಬಾ ಸಹಾಯವಾಯಿತು" ಅನ್ನುವಾಗ ವಾಕ್ಯದ ನಡುವೆ ಕೂತಿರುವುದು ನಾವು. "ನೀವು ಸೀಟು ಹಿಂದಕ್ಕೆ ಸರಿಸಿದಿರಿ, ಹಾಳೆ ಹಾಸಿದಿರಿ" ಅಂದಾಗ ಅವರ ಕೈ, ಅವರ ಯೋಚನೆ ಕಾಣುತ್ತದೆ. ನಿಲ್ಲಿಸಿದಿರಿ, ಗಮನಿಸಿದಿರಿ, ಹೇಳಿಕೊಟ್ಟಿರಿ, ಬೇಡ ಅಂದಿರಿ. ಇಂಥ ಕ್ರಿಯಾಪದಗಳು ಬರಲಿ. ನೀವು ಅವರಿಗೆ ಮಾಡಿದ ಸಹಾಯ, ಕೊಟ್ಟ ಸಾಲ, ಮಕ್ಕಳ ಓದಿಗೆ ಕೊಟ್ಟ ದುಡ್ಡು, ಇವುಗಳ ನೆರಳೂ ಕಾರ್ಡಿನ ಮೇಲೆ ಬೀಳಬಾರದು.

ಹಾರೈಕೆ ಅವರ ಬದುಕಿಗೆ

"ಹೀಗೇ ನೂರು ಕಾಲ ನಮ್ಮ ಜೊತೆ ಇರಿ" ಅನ್ನುವುದು ಅವರಿಗೆ ಹಾರೈಕೆ ಅಲ್ಲ, ನಮಗೆ ನಾವೇ ಮಾಡಿಕೊಂಡ ಹಾರೈಕೆ. ನೂರು ವರ್ಷ ಇನ್ನೊಬ್ಬರ ಕಾರು ಓಡಿಸಲಿ ಅಂತ ಯಾರಾದರೂ ಹರಸುತ್ತಾರಾ?

ಅವರಿಗೆ ಏನು ಇಷ್ಟ ಅಂತ ನಿಮಗೆ ಗೊತ್ತಿರಬೇಕು. 14 ವರ್ಷದಲ್ಲಿ ಅವರು ತಾವಾಗಿ ಹೇಳಿದ್ದು ಏನಾದರೂ ಇರುತ್ತದೆ. ನಮ್ಮ ಅಣ್ಣ ಒಂದು ಸಲ, "ಒಂದ್ಸಲ ರೈಲಲ್ಲಿ ದೂರ ಹೋಗಬೇಕು, ಕಿಟಕಿ ಪಕ್ಕ ಕೂತು ಸುಮ್ನೆ ಹೊರಗೆ ನೋಡಬೇಕು" ಅಂದಿದ್ದರು. ಅದನ್ನೇ ತೆಗೆದುಕೊಂಡೆ. ಮಗಳ ಮದುವೆ, ಸಾಲ, ಗಂಡನ ಕುಡಿತ, ಕಾಯಿಲೆ, ಇವು ನಂಬಿಕೆಯಿಂದ ಹೇಳಿಕೊಂಡ ವಿಷಯಗಳು. "ಈ ವರ್ಷ ಸಾಲ ತೀರಲಿ" ಅಂತ ಬರೆದರೆ ಆ ಕಾರ್ಡನ್ನು ಅವರು ಮನೆಯಲ್ಲಿ ಯಾರಿಗೂ ತೋರಿಸಲಾರರು. ಏನೂ ಗೊತ್ತಿಲ್ಲದಿದ್ದರೆ ಆರೋಗ್ಯ, ನೆಮ್ಮದಿ ಅಂದರೆ ಸಾಕು.

ಕೊನೆಗೆ ಬರೆದ ಕಾರ್ಡ್

"ಅಣ್ಣ,

ಹುಟ್ಟುಹಬ್ಬದ ಶುಭಾಶಯಗಳು.

ಅಮ್ಮನ ಆಪರೇಷನ್ ಆಗಿ ಮನೆಗೆ ಬಂದ ದಿನ ನೀವು ಕಾರನ್ನು ಕಟ್ಟೆಯಿಂದ ದೂರ ನಿಲ್ಲಿಸಿದಿರಿ. ನಾನು ಗೊಣಗಿದೆ. ಯಾಕೆ ಅಂತ ನೀವು ಸಮಾಧಾನದಿಂದ ಹೇಳಿದಿರಿ. ಸೀಟು ಸರಿಸಿ, ಹಾಳೆ ಹಾಸಿ, ಅಮ್ಮ ಕೂತ ಮೇಲೆ ಅದನ್ನು ಮರೆಯದೆ ತೆಗೆದಿರಿ. ಇದನ್ನೆಲ್ಲ ನಾವ್ಯಾರೂ ಯೋಚಿಸಿರಲಿಲ್ಲ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ. ಅಮ್ಮ ನೋವಿಲ್ಲದೆ ಮನೆಗೆ ಬಂದದ್ದು ನಿಮ್ಮ ಜಾಣತನದಿಂದ.

ಈ ವರ್ಷ ನಿಮ್ಮ ರೈಲು ಪ್ರಯಾಣ ಆಗಲಿ. ಕಿಟಕಿ ಪಕ್ಕದ ಸೀಟೇ ಸಿಗಲಿ."

ಕೆಳಗೆ ನನ್ನ ಹೆಸರು. ಅಮ್ಮ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು. ಮಕ್ಕಳಿಗೂ ಜಾಗ ಬಿಟ್ಟಿದ್ದೆ, ಆದರೆ ಏನು ಬರೆಯಬೇಕು ಅಂತ ಹೇಳಿಕೊಡಲಿಲ್ಲ.

ಬರೆದಾದ ಮೇಲೆ ತಂಗಿ ಹೇಳಿದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆ. ಇದನ್ನೇ ಸಹೋದ್ಯೋಗಿಯೊಬ್ಬರು ನನಗೆ ಬರೆದಿದ್ದರೆ ಸಂತೋಷವಾಗುತ್ತಿತ್ತಾ? ಆಗುತ್ತಿತ್ತು. "ಸೇವೆ" ಅನ್ನುವ ಪದ ಇಲ್ಲ, "ಡ್ರೈವರ್" ಅನ್ನುವ ಪದವೂ ಬೇಕಾಗಲಿಲ್ಲ.

ಕೊಡುವಾಗ

ಅವರಿಗೆ ಓದಲು ಸುಲಭವಾದ ಭಾಷೆ ಯಾವುದು ಅಂತ ತಿಳಿದುಕೊಂಡು ಬರೆಯಿರಿ. ಮಾತಾಡುವ ಭಾಷೆ ಒಂದು, ಓದಲು ಬರುವ ಲಿಪಿ ಇನ್ನೊಂದು ಇರಬಹುದು. ಓದುವುದು ಕಷ್ಟ ಅನ್ನುವವರಿಗೆ ಇದೇ ಮಾತನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ಅದನ್ನು ಅವರು ಬೇಕಾದಾಗ ಕೇಳಬಹುದು, ಮನೆಯವರಿಗೂ ಕೇಳಿಸಬಹುದು. ಎಲ್ಲರ ಮುಂದೆ ನಿಲ್ಲಿಸಿ ಓದಿ ಹೇಳಬೇಡಿ. ಹಾಗೆ ಮಾಡಿದರೆ ಮುಖದಲ್ಲಿ ಏನು ತೋರಿಸಬೇಕು ಅನ್ನುವುದೇ ಅವರಿಗೆ ಒಂದು ಕೆಲಸವಾಗುತ್ತದೆ.

ಅವರನ್ನು ಕೇಳದೆ ಫೋಟೋ ತೆಗೆದು ಸ್ಟೇಟಸ್ ಹಾಕುವುದು, ಮನೆಯ ಗ್ರೂಪಿನಲ್ಲಿ ಹಂಚುವುದು ಬೇಡವೇ ಬೇಡ. ಅಲ್ಲಿ ಬರುವ ಮೆಚ್ಚುಗೆಯೆಲ್ಲ ನಿಮ್ಮ ಒಳ್ಳೆಯತನಕ್ಕೆ ಬರುತ್ತದೆ. ಹುಟ್ಟುಹಬ್ಬ ಅವರದು.

ಉಡುಗೊರೆ, ದುಡ್ಡು ಕೊಡುವುದಿದ್ದರೆ ಕೊಡಿ, ಆದರೆ ಕಾರ್ಡಿನಲ್ಲಿ ಅದರ ಮಾತು ತರಬೇಡಿ, ಅದೇ ಲಕೋಟೆಯಲ್ಲೂ ಇಡಬೇಡಿ. ಲಕೋಟೆ ತೆರೆದಾಗ ಮೊದಲು ಕಾಣುವುದು ನೋಟು, ಮಾತು ಹಿಂದೆ ಬೀಳುತ್ತದೆ. ಹುಟ್ಟುಹಬ್ಬದ ದಿನ ರಜೆ ಕೊಡುವುದಾದರೆ ಒಂದು ವಾರ ಮೊದಲೇ ಹೇಳಿ, ಸಂಬಳ ಹಿಡಿಯುವುದಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಿ. ಬೆಳಿಗ್ಗೆ ಕೆಲಸಕ್ಕೆ ಬಂದ ಮೇಲೆ "ಇವತ್ತು ನಿಮಗೆ ರಜೆ" ಅಂದರೆ ಬಂದು ಹೋದ ದಾರಿ ದಂಡ. ವಾರದ ರಜೆಯನ್ನೇ ಆ ದಿನಕ್ಕೆ ಸರಿಸಿ ಉಡುಗೊರೆ ಅನ್ನಬೇಡಿ.

ತಪ್ಪಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಓದಿದ ಕೂಡಲೇ ಅವರು ಕೈ ಮುಗಿದು "ನಿಮ್ಮ ಉಪಕಾರ ಮರೆಯಲ್ಲ" ಅನ್ನತೊಡಗಿದರೆ, ಕಾರ್ಡಿನಲ್ಲಿ ಎಲ್ಲೋ ನೀವು ಉಪಕಾರ ಮಾಡಿದವರ ಹಾಗೆ ಕಂಡಿದ್ದೀರಿ ಅಂತ ತಿಳಿಯಿರಿ. ಕೆಲವರಿಗೆ ಹಾಗೆ ಹೇಳಿ ಅಭ್ಯಾಸವೂ ಇರುತ್ತದೆ, ಒಂದು ಸಲಕ್ಕೆ ನೊಂದುಕೊಳ್ಳಬೇಡಿ. ಮುಂದಿನ ಸಲ ಬರೆಯುವಾಗ ನೋಡಿಕೊಳ್ಳಿ.

ನಮ್ಮ ಅಣ್ಣ ಕಾರ್ಡನ್ನು ಕಾರಿನಲ್ಲೇ ಕೂತು ಓದಿದರಂತೆ. ಮಾರನೇ ದಿನ ನಾನು ಏನೂ ಕೇಳಲಿಲ್ಲ. ಅವರೇ ಅಂದರು, "ಪ್ಲಾಸ್ಟಿಕ್ ಹಾಳೆಗಿಂತ ರೇಷ್ಮೆ ಬಟ್ಟೆ ಇನ್ನೂ ಚೆನ್ನಾಗಿ ಜಾರುತ್ತೆ. ಅಮ್ಮನ ಇನ್ನೊಂದು ಮಂಡಿ ಆಪರೇಷನ್ ಇದೆಯಲ್ಲ, ಅದಕ್ಕೆ ಒಂದು ಹಳೇ ಸೀರೆ ತೆಗೆದಿಡಿ." ತೆಗೆದಿಟ್ಟಿದ್ದೇನೆ.